ಐದು ದಿನದ ವಾಪಸಾತಿ ಇದ್ದರೆ ಮೊದಲ ಬೆಳಿಗ್ಗೆಯೇ ಕಾರು ನೋಡಿ

ಹಳೆ ಕಾರು ಕೊಳ್ಳುವವರಿಗೆ ಕಾರು ಪರೀಕ್ಷೆ ಮಾಡಿಕೊಡುವುದು ನನ್ನ ಕೆಲಸ. ರಿಪೇರಿ ಮಾಡಿ ಹೊಳಪು ಕೊಟ್ಟು ಮಾರುವ ಆನ್‌ಲೈನ್ ಕಂಪನಿಗಳಿಂದ ಕಾರು ಕೊಂಡವರು ನನ್ನ ಹತ್ತಿರ ಬರುವುದು ಹೆಚ್ಚಾಗಿ ಆರನೇ ದಿನ. ಅವರಿಗೆ ಕೊಟ್ಟಿದ್ದ ವಾಪಸಾತಿ ಅವಧಿ ಐದು ದಿನ. "ವಾಪಸ್ ತಗೋತೀವಿ ಅಂದಿದ್ರಲ್ಲ ಸಾರ್, ಅದಕ್ಕೇ ನಾವು ಚೆಕ್ ಮಾಡಿಸಲಿಲ್ಲ" ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾರು ಚೆನ್ನಾಗಿದೆ ಅನ್ನುವುದಕ್ಕೆ ವಾಪಸಾತಿ ಅವಧಿ ಸಾಕ್ಷಿಯಲ್ಲ. ಪರೀಕ್ಷೆ ಮಾಡಲು ನಿಮಗೆ ಕೊಟ್ಟ ಸಮಯ ಅದು. ಕಾರಿನ ಬೆಲೆಯಲ್ಲೇ ಆ ಸಮಯಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ.

ಒಂದು ಪೆಟ್ರೋಲ್ ಕಾರಿನ ವಿಷಯ ಹೇಳುತ್ತೇನೆ. ಮನೆಗೆ ಬಂದದ್ದು ಶುಕ್ರವಾರ ಸಂಜೆ. ಶನಿವಾರ, ಭಾನುವಾರ ನೆಂಟರ ಮನೆಗೆ ಓಡಾಡಿದರು. ಆಮೇಲೆ ಎರಡು ದಿನ ಕಾರು ನಿಂತಿತ್ತು. ಬುಧವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಅರ್ಧ ನಿಮಿಷ ಗಡಗಡ ನಡುಗಿತು, ಆಮೇಲೆ ತಾನೇ ಸರಿಹೋಯಿತು. "ತುಂಬ ಹೊತ್ತು ನಿಂತಿತ್ತಲ್ಲ, ಅದಕ್ಕೆ" ಅಂದುಕೊಂಡು ಸುಮ್ಮನಾದರು. ಗುರುವಾರ ನನ್ನ ಹತ್ತಿರ ತಂದರು. ಎಂಜಿನ್ ತಂಪಾಗಿಡುವ ಕೂಲೆಂಟ್ ಟ್ಯಾಂಕ್‌ನಲ್ಲಿ ನೀರು ಕೆಳಗಿನ ಗೆರೆಗಿಂತ ಕೆಳಗಿತ್ತು. ಹೊರಗಡೆ ಎಲ್ಲೂ ಸೋರಿದ ಗುರುತಿಲ್ಲ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದೆ, P0302 ಅನ್ನುವ ದೋಷದ ಕೋಡ್ ಬಂತು. ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್ ಆಗುತ್ತಿದೆ, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅದರ ಅರ್ಥ.

ಮಿಸ್‌ಫೈರ್‌ಗೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಹೀಗೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಕೂಲೆಂಟ್ ಕಡಿಮೆಯಾಗುತ್ತಿದ್ದು, ಬೆಳಿಗ್ಗೆ ಮಾತ್ರ ನಡುಗಿದರೆ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್‌ನ ಹೆಡ್‌ಗೂ ಬ್ಲಾಕ್‌ಗೂ ನಡುವೆ ಸೋರದಂತೆ ತಡೆಯುವ ಪದರದ ಮೇಲೆ. ಗಾಡಿ ಆಫ್ ಮಾಡಿದ ಮೇಲೂ ಕೂಲೆಂಟ್‌ನಲ್ಲಿ ಸ್ವಲ್ಪ ಹೊತ್ತು ಒತ್ತಡ ಉಳಿದಿರುತ್ತದೆ. ಗ್ಯಾಸ್ಕೆಟ್‌ನಲ್ಲಿ ಕೂದಲೆಳೆಯಷ್ಟು ದಾರಿಯಿದ್ದರೂ ಸಾಕು, ರಾತ್ರಿ ನಾಲ್ಕು ಹನಿ ಸಿಲಿಂಡರ್ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಆ ಸಿಲಿಂಡರ್ ಸರಿಯಾಗಿ ಉರಿಯುವುದಿಲ್ಲ. ಹನಿ ಆವಿಯಾಗಿ ಹೋದ ಮೇಲೆ ಎಂಜಿನ್ ಏನೂ ಆಗದ ಹಾಗೆ ಓಡುತ್ತದೆ. ಆ ಕಾರಿನಲ್ಲಿ ಒತ್ತಡದ ಪರೀಕ್ಷೆ ಮಾಡಿದಾಗ ಇದೇ ಖಚಿತವಾಯಿತು. ವಾಪಸಾತಿ ಅವಧಿ ಬುಧವಾರವೇ ಮುಗಿದಿತ್ತು. ಆಮೇಲೆ ಅವರು ವಾರಂಟಿಯ ಬಾಗಿಲು ತಟ್ಟಬೇಕಾಯಿತು. ಅಲ್ಲಿ ಯಾವ ಭಾಗ ಸೇರಿದೆ, ಯಾವುದು ಇಲ್ಲ ಅಂತ ವಾದವಾಗುತ್ತದೆ. ವಾಪಸಾತಿಯಲ್ಲಾದರೆ ಸಾಮಾನ್ಯವಾಗಿ ಕಾರಣ ಕೇಳುವುದಿಲ್ಲ.

ಇಂಥ ದೋಷ ಟೆಸ್ಟ್ ಡ್ರೈವ್‌ನಲ್ಲಿ ಸಿಗುವುದು ಕಷ್ಟ. ನಿಮ್ಮ ಮುಂದೆ ತಂದು ನಿಲ್ಲಿಸುವಾಗ ಎಂಜಿನ್ ಆಗಲೇ ಬಿಸಿಯಾಗಿರುತ್ತದೆ. ಕಾರು ನಿಮ್ಮ ಮನೆಯಲ್ಲಿ ರಾತ್ರಿ ಕಳೆದಾಗ ಮಾತ್ರ ತಣ್ಣಗಿನ ಎಂಜಿನ್ ನಿಮ್ಮ ಕೈಗೆ ಸಿಗುತ್ತದೆ. ಅದಕ್ಕೇ ನಾನು ಮೊದಲ ಬೆಳಿಗ್ಗೆ, ಮೊದಲ ಬೆಳಿಗ್ಗೆ ಅಂತ ಬಡ್ಕೊಳ್ಳುವುದು. ಎಂಜಿನ್ ತಣ್ಣಗಿದ್ದಾಗ ಕೂಲೆಂಟ್ ಟ್ಯಾಂಕ್ ಮೇಲೆ ಟೇಪ್ ಅಂಟಿಸಿ, ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿ. ಸ್ಟಾರ್ಟ್ ಮಾಡುವಾಗ ಇನ್ನೊಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಸಹಜ, ಬೇಗ ಹೋಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ದಟ್ಟ ಹೊಗೆ ಬರುತ್ತಿದ್ದರೆ ಅವತ್ತೇ ತೋರಿಸಿ. ದಿನಾ ಬೆಳಿಗ್ಗೆ ಆ ಗೆರೆ ನೋಡಿ. ಎಂಜಿನ್ ಬಿಸಿಯಿದ್ದಾಗ ಕೂಲೆಂಟ್‌ನ ಮುಚ್ಚಳ ಮಾತ್ರ ತೆಗೆಯಬೇಡಿ, ಕೈ ಮುಖ ಸುಡುತ್ತದೆ.

ಎರಡನೆಯದು ಸ್ಕ್ಯಾನರ್. "ಕಂಪನಿಯವರೇ ಸ್ಕ್ಯಾನ್ ಮಾಡಿದ್ದಾರೆ, ಒಂದೂ ಕೋಡ್ ಇಲ್ಲ" ಅಂತ ಕಾಗದ ತೋರಿಸುತ್ತಾರೆ. ಅಲ್ರೀ, ಕೋಡ್ ಅಳಿಸಿದ ತಕ್ಷಣ ನೋಡಿದರೆ ಸಾಮಾನ್ಯವಾಗಿ ಯಾವ ಕಾರಿನಲ್ಲೂ ಕೋಡ್ ಕಾಣುವುದಿಲ್ಲ. ಅಳಿಸುವುದರಲ್ಲಿ ಮೋಸವೇ ಇದೆ ಅಂತಲ್ಲ, ರಿಪೇರಿ ಆದ ಮೇಲೆ ಅಳಿಸುವುದು ರೂಢಿ. ಆದರೆ ಅಳಿಸಿದಾಗ ಕಾರಿನ ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಸ್ಕ್ಯಾನರ್‌ನಲ್ಲಿ ಅವುಗಳ ಮುಂದೆ Incomplete ಅಥವಾ Not Ready ಅಂತ ಕಾಣುತ್ತದೆ. ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವುದನ್ನೂ ಹೆಚ್ಚಿನ ಕಾರುಗಳು ತೋರಿಸುತ್ತವೆ. ಅದು 20 ಕಿಲೋಮೀಟರ್ ಅಂತಿದ್ದರೆ ಆ ಕಾಗದ ಹೇಳುವುದು 20 ಕಿಲೋಮೀಟರ್‌ನ ಕಥೆ ಮಾತ್ರ.

ಹಾಗಾಗಿ ಮೊದಲ ದಿನ ಒಮ್ಮೆ ಸ್ಕ್ಯಾನ್ ಮಾಡಿಸಿ. ಮೂರು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ. ನಾಲ್ಕನೇ ದಿನ ಮತ್ತೆ ಸ್ಕ್ಯಾನ್ ಮಾಡಿಸಿ. ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್‌ನ ಎಚ್ಚರಿಕೆ ದೀಪ ಹೊತ್ತಿಲ್ಲ ಅಂತ ಬಿಡಬೇಡಿ. ಎಷ್ಟೋ ದೋಷಗಳಿಗೆ ಎರಡು ಸಲ ಸತತವಾಗಿ ಕಂಡಮೇಲೆ ದೀಪ ಹೊತ್ತುತ್ತದೆ, ಮೊದಲ ಸಲ ಕಂಡದ್ದು ಸ್ಕ್ಯಾನರ್‌ನ Pending ಪಟ್ಟಿಯಲ್ಲಿ ಕೂತಿರುತ್ತದೆ. ಓಡಿಸುವ ಮುಂಚೆ ಕಿಲೋಮೀಟರ್ ಮಿತಿ ಓದಿಕೊಳ್ಳಿ. ದಿನ ಮುಗಿಯದಿದ್ದರೂ ಮಿತಿ ದಾಟಿದರೆ ವಾಪಸ್ ತೆಗೆದುಕೊಳ್ಳದಿರಬಹುದು. ಒಂದು ಗೀರು ಬಿದ್ದರೂ ತಕರಾರು ಬರಬಹುದು, ಬಂದ ದಿನವೇ ಸುತ್ತಲೂ ವಿಡಿಯೋ ಮಾಡಿಟ್ಟುಕೊಳ್ಳಿ.

ಇನ್ನು ಬೈಬ್ಯಾಕ್. ಇಷ್ಟು ದಿನದ ಮೇಲೆ ಇಷ್ಟು ಬೆಲೆಗೆ ನಾವೇ ತೆಗೆದುಕೊಳ್ಳುತ್ತೇವೆ ಅನ್ನುವ ಮಾತು. ಲೆಕ್ಕಕ್ಕೆ ಕಂಪನಿಯ ಕಾರು 100 ರೂಪಾಯಿ ಅಂತ ಇಟ್ಟುಕೊಳ್ಳಿ, ವರ್ಷದ ಮೇಲೆ 80ಕ್ಕೆ ವಾಪಸ್. ಅಂಥದ್ದೇ ಕಾರು ಓನರ್ ಹತ್ತಿರ 88ಕ್ಕೆ ಸಿಕ್ಕಿ, ವರ್ಷದ ಮೇಲೆ 72ಕ್ಕೆ ಹೋದರೆ ನಿಮಗೆ ಹೋದದ್ದು 16. ಕಂಪನಿಯ ಕಾರಿನಲ್ಲಿ ಹೋದದ್ದು 20. ಅದೇ 65ಕ್ಕೆ ಮಾತ್ರ ಹೋದರೆ 23 ಹೋಗುತ್ತದೆ, ಆಗ ಬೈಬ್ಯಾಕ್ ಗೆದ್ದಂತೆ. ವರ್ಷದೊಳಗೆ ಊರು ಬಿಡುವುದು ಖಚಿತವಿದ್ದವರಿಗೆ ಇದು ಉಪಯೋಗ ಅನ್ನುವುದು ನನ್ನ ಅಭಿಪ್ರಾಯ. ಅಪಘಾತ ಆಗಿರಬಾರದು, ಇಷ್ಟೇ ಓಡಿರಬೇಕು, ಸರ್ವಿಸ್ ದಾಖಲೆ ಬೇಕು ಅನ್ನುವ ಷರತ್ತುಗಳನ್ನು ಮಾತ್ರ ಸಹಿಗೆ ಮುಂಚೆ ಓದಿ.

ಓನರ್ ಹತ್ತಿರ ನೇರವಾಗಿ ಕೊಂಡರೆ ಐದು ದಿನ ಸಿಗುವುದಿಲ್ಲ. ಆದರೆ ಕಂಪನಿಯ ಮಾರಾಟಗಾರನಿಗೆ ಗೊತ್ತಿಲ್ಲದ್ದು ಓನರ್‌ಗೆ ಗೊತ್ತಿರುತ್ತದೆ. ಈಚೆಗೆ ಒಬ್ಬ ಹುಡುಗಿಗೆ ಕಾರು ನೋಡಲು ಹೋಗಿದ್ದೆ. ಸ್ವಲ್ಪ ಅಡ್ವಾನ್ಸ್ ಕೊಟ್ಟು, ಪರೀಕ್ಷೆಯಲ್ಲಿ ದೊಡ್ಡ ದೋಷ ಬಂದರೆ ವಾಪಸ್ ಅಂತ ಬರೆಸಿಕೊಳ್ಳಲು ಮೊದಲೇ ಹೇಳಿದ್ದೆ. "ಅಂಕಲ್, ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಅವಳೇ ಓನರ್‌ಗೆ ಫೋನ್ ಮಾಡಿದಳು. ಹೋದವಳೇ ಬಾನೆಟ್ ಮೇಲೆ ಕೈಯಿಟ್ಟು ನೋಡಿದಳು, ತಣ್ಣಗಿತ್ತು. ಆ ಹಿರಿಯರು ನಕ್ಕು, ಒಳಗಿನಿಂದ ಬಿಲ್ಲುಗಳ ಕಟ್ಟು ತಂದರು. "ಎಸಿ ಗ್ಯಾಸ್ ವರ್ಷಕ್ಕೊಮ್ಮೆ ಖಾಲಿಯಾಗುತ್ತಮ್ಮಾ, ಎಲ್ಲಿ ಸೋರುತ್ತೆ ಅಂತ ಸಿಕ್ಕಿಲ್ಲ" ಅಂತ ಕೇಳುವ ಮುಂಚೆಯೇ ಹೇಳಿದರು. ಕಟ್ಟಿನಲ್ಲಿ ಗ್ಯಾಸ್ ತುಂಬಿಸಿದ ಮೂರು ಬಿಲ್ ಇದ್ದವು, ವರ್ಷಕ್ಕೊಂದರಂತೆ. ಆ ರಿಪೇರಿಗೆ ಆಗುವ ಖರ್ಚು ಬೆಲೆಯಲ್ಲಿ ಕಳೆದು ಅವತ್ತೇ ಮಾತು ಮುಗಿಸಿದರು.