ಆರ್ಡರು ಜಿಗಿದಾಡುವಾಗ ಮಾರಾಟ ಎಷ್ಟು ಅಲುಗಿತ್ತು?

ಉಡುಪಿ ಪೇಟೆ, ಮಲ್ಪೆ, ಕಾಪು, ಬ್ರಹ್ಮಾವರದ ಅಂಗಡಿಗಳಿಗೆ ಸ್ನಾನದ ಸಾಬೂನು ಪೂರೈಸುವ ಒಬ್ಬ ವಿತರಕರನ್ನು ಕಲ್ಪಿಸಿಕೊಳ್ಳೋಣ. ಊರಿನವರು ವಾರಕ್ಕಿಷ್ಟು ಎಂದು ಬಳಸುವ ಸಾಬೂನಿನ ಪ್ರಮಾಣದಲ್ಲಿ ದೊಡ್ಡ ಏರುಪೇರು ಇರುವುದಿಲ್ಲ. ಹೀಗಿದ್ದೂ ಈ ವಿತರಕರಿಂದ ಕಂಪನಿಯ ಡಿಪೊಗೆ ಹೋಗುವ ಆರ್ಡರು ಒಂದು ವಾರ ಕುಗ್ಗುತ್ತದೆ, ಇನ್ನೊಂದು ವಾರ ಉಬ್ಬುತ್ತದೆ. ಡಿಪೊದಿಂದ ಕಾರ್ಖಾನೆಗೆ ಹೋಗುವ ಬೇಡಿಕೆ ಅದಕ್ಕಿಂತಲೂ ಹೆಚ್ಚು ಕುಣಿಯುತ್ತದೆ. ಗಿರಾಕಿಯಿಂದ ದೂರ ಹೋದಷ್ಟೂ ಏರಿಳಿತ ಹೆಚ್ಚುವ ಈ ವಿದ್ಯಮಾನವನ್ನು ಬುಲ್‌ವಿಪ್ ಪರಿಣಾಮ ಎನ್ನುತ್ತಾರೆ. ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1950ರ ದಶಕದ ಕೊನೆಯಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. 1997ರಲ್ಲಿ ಹಾವ್ ಲೀ, ಪದ್ಮನಾಭನ್ ಮತ್ತು ವಾಂಗ್ ಅದರ ಮೂಲವನ್ನು ನಾಲ್ಕು ಕಾರಣಗಳಲ್ಲಿ ಗುರುತಿಸಿದರು: ಬೇಡಿಕೆಯ ಅಂದಾಜನ್ನು ಮತ್ತೆ ಮತ್ತೆ ತಿದ್ದುವುದು, ಆರ್ಡರನ್ನು ಒಟ್ಟುಗೂಡಿಸಿ ಕಳುಹಿಸುವುದು, ಬೆಲೆಯ ಏರಿಳಿತ, ಮತ್ತು ಸರಕಿನ ಕೊರತೆಯಿದ್ದಾಗ ಬೇಕಾದುದಕ್ಕಿಂತ ಹೆಚ್ಚು ಕೇಳುವುದು. ಕಾರಣಗಳ ಈ ಪಟ್ಟಿ ಸುಲಭವಾಗಿ ಬಾಯಿಗೆ ಬರುತ್ತದೆ. ನಮ್ಮ ವಿತರಕರ ಲೆಕ್ಕಪುಸ್ತಕದಲ್ಲಿ ಆ ನಾಲ್ಕರಲ್ಲಿ ಯಾವುದು ಕೂತಿದೆ ಎಂದು ಹೇಳುವುದು ಅಷ್ಟು ಸುಲಭವಲ್ಲ.

ಅದಕ್ಕೆ ಬೇಕಾಗುವುದು ಎರಡು ಸಾಲು ಅಂಕಿಗಳು. ಒಂದು, ವಿತರಕರು ಅಂಗಡಿಗಳಿಗೆ ಮಾರಿದ ಪ್ರಮಾಣ, ಅಂದರೆ ಈ ವ್ಯಾಪಾರದವರು ಸೆಕೆಂಡರಿ ಸೇಲ್ಸ್ ಎನ್ನುವ ಅಂಕಿ. ಇನ್ನೊಂದು, ವಿತರಕರು ಕಂಪನಿಗೆ ಸಲ್ಲಿಸಿದ ಆರ್ಡರು. ಕಂಪನಿಯಿಂದ ಬಂದ ಬಿಲ್ಲಿನ ಅಂಕಿಯನ್ನು ಆರ್ಡರಿನ ಜಾಗದಲ್ಲಿ ಬರೆಯಬಾರದು. ಡಿಪೊದಲ್ಲಿ ಸರಕಿಲ್ಲದೆ ನೂರು ಕೇಳಿದವರಿಗೆ ಅರುವತ್ತೇ ಬಂದಿದ್ದರೆ ಬಿಲ್ಲು ಅರುವತ್ತು ಎನ್ನುತ್ತದೆ, ಮತ್ತು ನಾವು ಹುಡುಕುತ್ತಿರುವ ಉಬ್ಬು ಅಲ್ಲೇ ಅಳಿಸಿಹೋಗಿರುತ್ತದೆ. ಎರಡೂ ಸಾಲುಗಳು ಒಂದೇ ಸರಕಿನವು, ಒಂದೇ ಅಳತೆಯವು, ಒಂದೇ ಕಾಲಾವಧಿಯವು ಆಗಿರಬೇಕು. ಮಾರಾಟವನ್ನು ಬಿಡಿ ಸಾಬೂನುಗಳಲ್ಲಿಯೂ ಆರ್ಡರನ್ನು ಕೇಸುಗಳಲ್ಲಿಯೂ ಇಟ್ಟು ಹೋಲಿಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಕೈಯಲ್ಲೇ ಮಾಡಿ ನೋಡಲು ಅನುಕೂಲವಾಗಲೆಂದು ಅಂಕಿಗಳನ್ನು ನಾನೇ ಹೆಣೆದಿದ್ದೇನೆ. ಎಂಟು ವಾರಗಳಲ್ಲಿ ಅಂಗಡಿಗಳಿಗೆ ಹೋದದ್ದು ಕ್ರಮವಾಗಿ 96, 104, 100, 98, 106, 94, 102, 100 ಕೇಸು. ಅದೇ ವಾರಗಳಲ್ಲಿ ಕಂಪನಿಗೆ ಕಳುಹಿಸಿದ ಆರ್ಡರು 80, 90, 90, 140, 84, 88, 92, 136 ಕೇಸು. ಎರಡರ ಮೊತ್ತವೂ 800, ಸರಾಸರಿಯೂ ವಾರಕ್ಕೆ 100. ಸರಾಸರಿಗಳು ಸರಿಹೊಂದಿವೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಆರ್ಡರಿನ ಸರಾಸರಿ ಮಾರಾಟಕ್ಕಿಂತ ಹೆಚ್ಚಿದ್ದರೆ ಗೋದಾಮಿನಲ್ಲಿ ದಾಸ್ತಾನು ಬೆಳೆಯುತ್ತಿದೆ ಎಂದರ್ಥ, ಮತ್ತು ಅದು ಬೇರೆಯದೇ ಸಮಸ್ಯೆ.

ಈಗ ವೇರಿಯನ್ಸ್ ಲೆಕ್ಕ ಮಾಡೋಣ. ಪ್ರತಿ ವಾರದ ಅಂಕಿ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ಅಂತರವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿ, ವಾರಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಬೇಕು. ಮಾರಾಟದ ವರ್ಗಗಳ ಮೊತ್ತ 112. ಏಳರಿಂದ ಭಾಗಿಸಿದರೆ ವೇರಿಯನ್ಸ್ 16, ಅಂದರೆ ಸಾಮಾನ್ಯ ಏರುಪೇರು ನಾಲ್ಕು ಕೇಸಿನಷ್ಟು. ಆರ್ಡರಿನ ವರ್ಗಗಳ ಮೊತ್ತ 3960, ವೇರಿಯನ್ಸ್ ಸುಮಾರು 566. ಮಾರಾಟ B ಕಾಲಮ್ಮಿನಲ್ಲಿ, ಆರ್ಡರು C ಕಾಲಮ್ಮಿನಲ್ಲಿ ಇದ್ದರೆ ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು ಸಾಕು:

```
=VAR.S(C2:C9)/VAR.S(B2:B9)
```

ಉತ್ತರ 35ಕ್ಕಿಂತ ತುಸು ಹೆಚ್ಚು. ಅನುಪಾತ ಒಂದಕ್ಕಿಂತ ಹೆಚ್ಚಿದ್ದರೆ ಈ ಕೊಂಡಿಯಲ್ಲಿ ಏರಿಳಿತ ವರ್ಧಿಸಿದೆ ಎಂದು ಪುಸ್ತಕಗಳು ಹೇಳುತ್ತವೆ, ಅದು ನಿಜ. ಬಹಳ ಮಂದಿ ಇಲ್ಲಿಗೇ ನಿಲ್ಲಿಸಿ ವಿತರಕರಿಗೆ ಅಂದಾಜು ಮಾಡಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. 35 ಎಂಬ ಅಂಕಿ ಜ್ವರವಿದೆ ಎಂದಷ್ಟೇ ಹೇಳುವ ಥರ್ಮಾಮೀಟರ್, ಅದು ಮಲೇರಿಯವೋ ಶೀತವೋ ಎಂಬುದನ್ನು ತಿಳಿಯಲು ಮುಂದಿನ ಪರೀಕ್ಷೆ ಬೇಕು.

ಮೊದಲು ಒಬ್ಬ ಪ್ರಾಮಾಣಿಕ, ಲೆಕ್ಕಾಚಾರದ ವಿತರಕರಿಂದ ಎಷ್ಟು ವರ್ಧನೆ ಬರುತ್ತದೆ ಎಂದು ತಿಳಿಯಬೇಕು, ಏಕೆಂದರೆ ಹೋಲಿಕೆಯ ಗೆರೆ ಒಂದು ಎಂಬಲ್ಲಿ ಇರುವುದಿಲ್ಲ. ಅವರು ಕಳೆದ ನಾಲ್ಕು ವಾರಗಳ ಸರಾಸರಿ ಮಾರಾಟವನ್ನು ಅಂದಾಜಾಗಿ ಇಟ್ಟುಕೊಂಡು, ಎರಡು ವಾರಗಳಿಗೆ ಸಾಲುವಷ್ಟು ಸರಕು ಇರುವಂತೆ ಆರ್ಡರು ಹಾಕುತ್ತಾರೆ ಎನ್ನಿ. ಎಂದಿನಂತೆ 100 ಮಾರಾಟವಾಗುತ್ತಿದ್ದಾಗ ಒಂದು ವಾರ ಮಾತ್ರ 108 ಮಾರಾಟವಾಯಿತು. ನಾಲ್ಕು ವಾರಗಳ ಸರಾಸರಿ 2 ಏರಿತು, ಎರಡು ವಾರಗಳ ದಾಸ್ತಾನಿನ ಗುರಿ 4 ಏರಿತು. ಹಾಗಾಗಿ ಅವರು ಮಾರಾಟವಾದ 108ರ ಜತೆಗೆ ಇನ್ನೂ 4 ಸೇರಿಸಿ 112 ಕೇಳುತ್ತಾರೆ. ಮುಂದಿನ ಮೂರು ವಾರ ಮತ್ತೆ 100. ನಾಲ್ಕನೇ ವಾರ ಆ 108 ಸರಾಸರಿಯ ಲೆಕ್ಕದಿಂದ ಹೊರಬಿದ್ದು ಗುರಿ 4 ಇಳಿಯುತ್ತದೆ, ಆರ್ಡರು 96ಕ್ಕೆ ಬರುತ್ತದೆ. ಮಾರಾಟದ ವಿಚಲನೆ 8, ಅದರ ವರ್ಗ 64. ಆರ್ಡರಿನ ವಿಚಲನೆಗಳು 12 ಮತ್ತು 4, ವರ್ಗಗಳ ಮೊತ್ತ 160. ಅನುಪಾತ 2.5. ಯಾರೂ ತಪ್ಪು ಮಾಡಿಲ್ಲ, ಆದರೂ ಏರಿಳಿತ ಎರಡೂವರೆ ಪಟ್ಟಾಯಿತು.

2000ದಲ್ಲಿ ಚೆನ್, ಡ್ರೆಜ್ನರ್, ರಯಾನ್ ಮತ್ತು ಸಿಮ್ಚಿ-ಲೆವಿ ಪ್ರಕಟಿಸಿದ ಸೂತ್ರವೂ ಇದನ್ನೇ ಕೊಡುತ್ತದೆ. L ಎಂದರೆ ಸರಕು ಬರುವವರೆಗೆ ಕಾಯಬೇಕಾದ ಅವಧಿ, p ಎಂದರೆ ಸರಾಸರಿಗೆ ತೆಗೆದುಕೊಂಡ ವಾರಗಳು:

```
1 + 2L/p + 2L²/p²
```

L=2, p=4 ಇಟ್ಟರೆ 2.5. ಸರಾಸರಿಯನ್ನು ಎಂಟು ವಾರಗಳಿಗೆ ಹಿಗ್ಗಿಸಿದರೆ 1.625ಕ್ಕೆ ಇಳಿಯುತ್ತದೆ, ಎರಡೇ ವಾರಗಳಿಗೆ ಕುಗ್ಗಿಸಿದರೆ 5ಕ್ಕೆ ಏರುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿಗಳು ತಡವಾಗುವುದು ಸಾಮಾನ್ಯವಾದರೆ ವಿತರಕರು L ಅನ್ನು ಹೆಚ್ಚು ಹಿಡಿಯುತ್ತಾರೆ, ಅದರಿಂದಲೂ ಅನುಪಾತ ಏರುತ್ತದೆ. ಆದರೆ ನಾಲ್ಕು ವಾರಗಳ ಸರಾಸರಿ ಇಟ್ಟುಕೊಂಡು ಅಂದಾಜಿನ ದಾರಿಯೊಂದರಿಂದಲೇ 35ಕ್ಕೆ ತಲುಪಲು L ಹದಿನಾಲ್ಕು ಹದಿನೈದು ವಾರಗಳು, ಎಂದರೆ ಅಸಹಜವಾಗಿ ದೀರ್ಘ, ಆಗಿರಬೇಕಾಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆಯೆಂದರೆ, ಅದೇ ಅಂಕಿಗಳನ್ನು ವಾರದ ಬದಲು ತಿಂಗಳಾಗಿ ಕೂಡಿ ಮತ್ತೆ ನೋಡುವುದು. ನಾಲ್ಕು ವಾರಗಳನ್ನು ಒಂದು ತಿಂಗಳೆಂದು ಹಿಡಿದರೆ ಮಾರಾಟ 398 ಮತ್ತು 402, ಆರ್ಡರು 400 ಮತ್ತು 400. ವಾರದ ಲೆಕ್ಕದಲ್ಲಿ ಅಬ್ಬರಿಸಿದ ಏರಿಳಿತ ತಿಂಗಳ ಲೆಕ್ಕದಲ್ಲಿ ಕಾಣೆಯಾಗಿದೆ. ಅಂದಾಜು ತಿದ್ದುವ ವಿತರಕರಲ್ಲಿ ಹೀಗಾಗುವುದಿಲ್ಲ. 108 ಮಾರಾಟವಾದ ವಾರದ 112 ಒಂದು ತಿಂಗಳಿಗೆ ಬೀಳುತ್ತದೆ, ಅದರ ಪ್ರತಿಯಾದ 96 ಯಾವಾಗಲೂ ಮುಂದಿನ ತಿಂಗಳಿಗೆ ಬೀಳುತ್ತದೆ, ಹಾಗಾಗಿ ತಿಂಗಳಾಗಿ ಕೂಡಿದರೂ ಅನುಪಾತ 2.5ರಲ್ಲೇ ಉಳಿಯುತ್ತದೆ. ಎರಡು ತಿಂಗಳಾಗಿ ಕೂಡಿದಾಗಲಷ್ಟೇ ಅದು 1.75ಕ್ಕೆ ಇಳಿಯುತ್ತದೆ. ಇನ್ನೂ ದೊಡ್ಡ ಅವಧಿ ಹಿಡಿದಂತೆ ಯಾವ ಕಾರಣದ ಅನುಪಾತವೂ ಒಂದರತ್ತ ಬರಲೇಬೇಕು, ಏಕೆಂದರೆ ಕೊನೆಗೆ ತರಿಸಿದ್ದಷ್ಟನ್ನೇ ಮಾರಲು ಸಾಧ್ಯ. ಅನುಪಾತ ಎಷ್ಟು ಬೇಗ ಕುಸಿಯುತ್ತದೆ ಎಂಬುದರಲ್ಲಿ ಕಾರಣದ ಗುರುತಿದೆ.

ನಮ್ಮ ವಿತರಕರಲ್ಲಿ ಅದು ತಿಂಗಳೊಳಗೇ ಕುಸಿಯಿತು. ಹಾಗಿದ್ದರೆ ತಿಂಗಳ ಯಾವ ವಾರ ಎಂದು ಕೇಳಬೇಕು. ಆರ್ಡರಿನ ಸರಾಸರಿಯನ್ನು ವಾರಸ್ಥಾನದಂತೆ ತೆಗೆದರೆ ಮೊದಲ ವಾರ 82, ಎರಡನೆಯದು 89, ಮೂರನೆಯದು 91, ನಾಲ್ಕನೆಯದು 138. ಈ ಸರಾಸರಿಗಳನ್ನು ಕಳೆದ ಮೇಲೆ ಉಳಿಯುವ ವಿಚಲನೆಗಳ ವರ್ಗಗಳ ಮೊತ್ತ ಬರೀ 20, ಮೊದಲು ಇದ್ದದ್ದು 3960. ಮಾರಾಟದಲ್ಲಿ ಇದೇ ಲೆಕ್ಕ ಮಾಡಿದರೆ 101, 99, 101, 99 ಬರುತ್ತದೆ, ತಿಂಗಳ ಕೊನೆಗೆ ಅಂಗಡಿಗಳು ಹೆಚ್ಚು ಕೊಂಡ ಸುಳಿವೇ ಇಲ್ಲ. ಕಂಪನಿಯ ಸೇಲ್ಸ್ ಅಧಿಕಾರಿ ತನ್ನ ಟಾರ್ಗೆಟ್ ಮುಟ್ಟಿಸಲು ಕೊನೆಯ ವಾರ ಫೋನ್ ಮಾಡಿ, "ಇವತ್ತು ಇಪ್ಪತ್ತೆಂಟನೇ ತಾರೀಕು ಮಾರಾಯ್ರೆ, ಇನ್ನೊಂದು ಐವತ್ತು ಕೇಸು ಹಾಕಿಕೊಳ್ಳಿ, ಸ್ಕೀಮ್ ನಾಡಿದ್ದು ಮುಗಿಯುತ್ತದೆ" ಎಂದರೆ ಪುಸ್ತಕದಲ್ಲಿ ಉಳಿಯುವುದು ಇಂಥದೇ ಗುರುತು. ಅದು ಟಾರ್ಗೆಟ್ಟಿನ ಒತ್ತಡವೋ, ಕೊನೆಯ ವಾರದ ರಿಯಾಯಿತಿಯೋ ಎಂದು ಬೇರ್ಪಡಿಸಲು ಸ್ಕೀಮ್ ಇಲ್ಲದ ತಿಂಗಳುಗಳನ್ನು ಬೇರೆಯಾಗಿ ತೆಗೆದು ನೋಡಬೇಕು. ಉಬ್ಬು ಅಲ್ಲಿಯೂ ಇದ್ದರೆ ರಿಯಾಯಿತಿಯ ಮೇಲಿನ ಅನುಮಾನ ಹೋಗುತ್ತದೆ.

ಗೋದಾಮೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಆರಂಭದಲ್ಲಿ 100 ಕೇಸು ಇತ್ತು, ತರಿಸಿದ ಸರಕು ಅದೇ ವಾರ ಬಂತು ಎಂದು ಹಿಡಿದರೆ ದಾಸ್ತಾನು ಮೂರು ವಾರಗಳಲ್ಲಿ 60ಕ್ಕೆ ಇಳಿದು ನಾಲ್ಕನೆಯದರಲ್ಲಿ ಒಮ್ಮೆಲೇ 102ಕ್ಕೆ ಏರುತ್ತದೆ, ಎರಡನೇ ತಿಂಗಳೂ ಹಾಗೇ. ಈ ಉಬ್ಬು ಒಬ್ಬರದ್ದೇ ಆಗಿದ್ದರೆ ಡಿಪೊಗೆ ಅಷ್ಟು ತೊಂದರೆಯಿಲ್ಲ, ಬೇರೆ ವಿತರಕರ ತಗ್ಗು ಅದನ್ನು ತುಂಬುತ್ತಿತ್ತು. ಮಂಗಳೂರಿನ ಬಂದರಿನವರಿಗೂ ಕುಂದಾಪುರದವರಿಗೂ ತಿಂಗಳು ಮುಗಿಯುವುದು ಒಂದೇ ದಿನವಾದ್ದರಿಂದ ಎಲ್ಲರ ಉಬ್ಬುಗಳೂ ಒಂದರ ಮೇಲೊಂದು ಬಂದು ಕೂರುತ್ತವೆ.

ಈ ಅನುಪಾತ ಮೋಸ ಮಾಡುವ ಜಾಗಗಳೂ ಇವೆ. ಮೊದಲನೆಯದು ವಾರಗಳ ಸಂಖ್ಯೆ. ಎಂಟೆಂಟು ವಾರಗಳ ಎರಡು ಸಾಲುಗಳಲ್ಲಿ 3.8ರವರೆಗಿನ ಅನುಪಾತ ಬರೀ ಆಕಸ್ಮಿಕವಾಗಿಯೂ ಬರಬಹುದು. ಇದು ವಾರಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹಿಡಿದು ಮಾಡಿದ ಒರಟು ಅಂದಾಜು. 35 ಅದನ್ನು ಸಲೀಸಾಗಿ ದಾಟುತ್ತದೆ, 2.5 ದಾಟುವುದಿಲ್ಲ. ಒಂದು ವರ್ಷದ 52 ವಾರಗಳಿದ್ದರೆ ಆ ಗೆರೆ ಸುಮಾರು 1.6ಕ್ಕೆ ಬರುತ್ತದೆ. ವಾರಸ್ಥಾನದ ಸರಾಸರಿಗಳನ್ನೂ ಎರಡೇ ತಿಂಗಳ ಅಂಕಿಯಿಂದ ನಂಬುವುದು ಸರಿಯಲ್ಲ, ಇಲ್ಲಿ ಅದನ್ನು ತೋರಿಸಿದ್ದು ವಿಧಾನ ತಿಳಿಯಲೆಂದು.

ಎರಡನೆಯದು ಋತುಮಾನ. ಸೊಳ್ಳೆ ಬತ್ತಿಯ ಮಾರಾಟ ಕರಾವಳಿಯಲ್ಲಿ ಮಳೆಯ ಜತೆ ಏರುತ್ತದೆ, ಆಟಿಯಲ್ಲಿ ಮದುವೆ ಮುಂಜಿಗಳಿಲ್ಲದೆ ಹಲವು ಸರಕುಗಳು ಮಂಕಾಗುತ್ತವೆ. ಇಂಥ ಏರಿಳಿತ ಮೊದಲೇ ಗೊತ್ತಿರುವುದರಿಂದ ಜಾಣ ವಿತರಕ ಮೇ ತಿಂಗಳಲ್ಲೇ ಸ್ವಲ್ಪ ಸ್ವಲ್ಪ ತರಿಸಿಡುತ್ತಾನೆ, ಅವನ ಆರ್ಡರು ಮಾರಾಟಕ್ಕಿಂತ ಸಮವಾಗಿರುತ್ತದೆ, ಅನುಪಾತ ಒಂದಕ್ಕಿಂತ ಕೆಳಗೆ ಬರುತ್ತದೆ. 2007ರಲ್ಲಿ ಕಾಶೋನ್, ರಾಂಡಲ್ ಮತ್ತು ಶ್ಮಿಟ್ ಅಮೆರಿಕದ ಉದ್ಯಮಗಳ ಅಂಕಿಗಳನ್ನು ಪರಿಶೀಲಿಸಿದಾಗ ಸಗಟು ವ್ಯಾಪಾರದಲ್ಲಿ ವರ್ಧನೆ ಕಂಡಿತು, ಚಿಲ್ಲರೆಯಲ್ಲಿ ಸಾಮಾನ್ಯವಾಗಿ ಕಾಣಲಿಲ್ಲ, ಮತ್ತು ಋತುಮಾನ ಹೆಚ್ಚಿರುವ ಕಡೆ ಏರಿಳಿತ ತಗ್ಗಿಸುವ ಒಲವು ಎದ್ದು ಕಂಡಿತು. ಆದ್ದರಿಂದ ವರ್ಷದ ಅಂಕಿಯನ್ನು ಹಾಗೇ ಹಾಕಿದಾಗ ಬಂದ 0.8 ನೆಮ್ಮದಿಯ ಗುರುತೆಂದು ಹೇಳಲಾಗದು. ಋತುವಿನ ಪಾಲನ್ನು ಎರಡೂ ಸಾಲುಗಳಿಂದ ಕಳೆದು ಇನ್ನೊಮ್ಮೆ ಭಾಗಿಸಿದಾಗ ಅದೇ ಸರಕಿನಲ್ಲಿ ತಿಂಗಳ ಕೊನೆಯ ಉಬ್ಬು ತಲೆ ಎತ್ತಬಹುದು.

ಮೂರನೆಯದು ನಾವು ಮಾರಾಟ ಎಂದು ಕರೆದ ಅಂಕಿಯೇ. ವಿತರಕರು ಅಂಗಡಿಗೆ ಕೊಟ್ಟದ್ದು ಗಿರಾಕಿ ಕೊಂಡದ್ದಲ್ಲ, ಅದು ಅಂಗಡಿಯವರ ಆರ್ಡರು. ಕಲ್ಸಂಕದ ಅಂಗಡಿಯವರು ಡಜನಿಗೊಂದು ಉಚಿತ ಎಂಬ ಕಾರಣಕ್ಕೆ ತಿಂಗಳ ಸಾಬೂನನ್ನು ಒಮ್ಮೆಗೇ ಇಳಿಸಿಕೊಂಡಿದ್ದರೆ ವರ್ಧನೆ ಆಗಲೇ ಒಂದು ಹಂತ ಮುಗಿಸಿ ನಮ್ಮ ಛೇದದೊಳಗೆ ಸೇರಿರುತ್ತದೆ, ಮತ್ತು ವಿತರಕರ ಅನುಪಾತ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಒಂದೊಂದು ಕೊಂಡಿಯ ಅನುಪಾತಗಳನ್ನು ಗುಣಿಸಿದರೆ ಇಡೀ ಸರಪಳಿಯ ಅನುಪಾತ ಸಿಗುತ್ತದೆ. ಹಾಗಾಗಿ ಬಿಲ್ಲಿಂಗ್ ಯಂತ್ರವಿರುವ ಕೆಲವು ಅಂಗಡಿಗಳಿಂದ ವಾರದ ಕೌಂಟರ್ ಮಾರಾಟವನ್ನು ಪಡೆದು, ಸರಕು ಮುಗಿದು ಕಪಾಟು ಖಾಲಿಯಿದ್ದ ವಾರಗಳನ್ನು ಬದಿಗಿಟ್ಟು, ಅಂಗಡಿ ಮತ್ತು ವಿತರಕರ ನಡುವಿನ ಕೊಂಡಿಯನ್ನು ಬೇರೆಯಾಗಿ ಅಳೆಯುವುದು ಮುಂದಿನ ಕೆಲಸ.