ಉರಿ ಸಾರಿನದ್ದೋ, ಬಾಟಲಿಯದ್ದೋ

ಮಳೆಗಾಲ ಮುಗಿಯುವ ಹೊತ್ತಿಗೆ ಕಾರವಾರದ ನನ್ನ ಕ್ಲಿನಿಕ್ಕಿಗೆ ಒಬ್ಬ ಬಸ್ ಕಂಡಕ್ಟರ್ ಬಂದಿದ್ದರು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ, ಕಥೆ ಮಾತ್ರ ಇದ್ದ ಹಾಗೇ ಇದೆ. ವಯಸ್ಸು ನಲವತ್ತೈದರ ಆಚೀಚೆ. ಮೂರು ತಿಂಗಳಿಂದ ಗಂಟಲು ಉರಿ. ಅಷ್ಟರೊಳಗೆ ಎರಡು ಸಲ ಆಂಟಿಬಯೋಟಿಕ್, ಒಂದು ಸಲ ಅಲರ್ಜಿ ಮಾತ್ರೆ ಆಗಿತ್ತು. ಚೀಟಿಗಳನ್ನೆಲ್ಲ ಮೇಜಿನ ಮೇಲಿಟ್ಟು ಮೊದಲು ಕೇಳಿದ್ದೇ ಇದು: "ಡಾಕ್ಟ್ರೇ, ಬಂಗಡೆ ಸಾರು ಬಿಡಬೇಕೋ? ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಹೇಳಿ."

ಗಂಟಲು ನೋಡಿದೆ. ಹಿಂದಿನ ಗೋಡೆ ಸ್ವಲ್ಪ ಕೆಂಪಗಿತ್ತು, ಅಷ್ಟೇ. ಕೀವಿಲ್ಲ, ಹುಣ್ಣಿಲ್ಲ, ಬಿಳಿ ಮಚ್ಚೆ ಇಲ್ಲ. ಕುತ್ತಿಗೆಯಲ್ಲಿ ಗಂಟು ಸಿಗಲಿಲ್ಲ. ಜ್ವರ ಬಂದದ್ದೇ ಇಲ್ಲ. ಮೂರು ತಿಂಗಳು ಎಳೆಯುವ ಸೋಂಕಿನ ಗಂಟಲು ಹೀಗಿರುವುದಿಲ್ಲ. ಹಾಗಾಗಿ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಬಾಯಿಗೆ ಏನೇನು ಹೋಗುತ್ತದೆ, ಗಂಟೆ ಸಮೇತ ಹೇಳಿ.

ತಿಂದದ್ದು, ಕುಡಿದದ್ದು ಎಲ್ಲ ಹೇಳಿದರು. ಮುಗಿಯಿತು ಅನ್ನುವಾಗ ನಾನು "ಬಾಯಿ ಮುಕ್ಕಳಿಸಲಿಕ್ಕೆ?" ಎಂದೆ. ಆಗ ಚೀಲದಿಂದ ನೀಲಿ ಬಾಟಲಿ ಹೊರಗೆ ಬಂತು. ಊಟದಲ್ಲಿ ಮೀನು, ಕೆಲಸ ಜನರ ಮುಖದ ಹತ್ತಿರ; ವಾಸನೆ ಬಂದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ. ಮೊದಲು ದಿನಕ್ಕೊಮ್ಮೆ ಬಳಸುತ್ತಿದ್ದರಂತೆ. ಜೂನ್‌ನಲ್ಲಿ ಶೀತವಾಗಿ ಗಂಟಲು ನೋವು ಬಂದಾಗ, ಖಾರದ ಮೌತ್‌ವಾಶ್ ಕ್ರಿಮಿಗಳನ್ನು ಸುಟ್ಟುಹಾಕುತ್ತದೆ ಎಂದು ಯಾರೋ ಹೇಳಿದರು. ಅಂದಿನಿಂದ ದಿನಕ್ಕೆ ನಾಲ್ಕು ಸಲ, ನೀರು ಬೆರೆಸದೆ, ತಲೆ ಹಿಂದಕ್ಕೆ ವಾಲಿಸಿ ಗಂಟಲವರೆಗೆ ಗುಳುಗುಳು. ಉರಿದಷ್ಟೂ ಕೆಲಸ ಮಾಡುತ್ತಿದೆ ಎಂಬ ಲೆಕ್ಕ. ಶೀತ ವಾರದಲ್ಲಿ ಹೋಯಿತು, ಉರಿ ಉಳಿಯಿತು. ಉರಿ ಉಳಿದದ್ದಕ್ಕೆ ಬಾಟಲಿಯೂ ಉಳಿಯಿತು.

ಮೆಣಸು ತಿಂದಾಗ ಬಾಯಿ ನಿಜವಾಗಿ ಸುಡುವುದಿಲ್ಲ. ಬಾಯಿ, ಗಂಟಲಿನ ನರತುದಿಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ, ಹೆಸರು ಟಿಆರ್‌ಪಿವಿ1. ಅದನ್ನು ಒಂದು ಬಾಗಿಲು ಅಂದುಕೊಳ್ಳಿ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ಅದು ತೆರೆಯುತ್ತದೆ, ಮಿದುಳಿಗೆ "ಸುಡುತ್ತಿದೆ" ಎಂಬ ಸುದ್ದಿ ಹೋಗುತ್ತದೆ. ಮೆಣಸಿನ ಕ್ಯಾಪ್ಸೈಸಿನ್ ಅದೇ ಬಾಗಿಲಿಗೆ ಹೊಂದುವ ಕಳ್ಳ ಕೀಲಿ. ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಎಥನಾಲ್, ಅಂದರೆ ಮೌತ್‌ವಾಶ್‌ನಲ್ಲಿರುವ ಆಲ್ಕೋಹಾಲ್, ಈ ಬಾಗಿಲನ್ನು ಸಡಿಲ ಮಾಡುತ್ತದೆ. ಪ್ರಯೋಗಾಲಯದಲ್ಲಿ ನೋಡಿದಾಗ, 42ರ ಹತ್ತಿರ ತೆರೆಯಬೇಕಾದದ್ದು ಎಥನಾಲ್ ಇದ್ದಾಗ 34ರ ಹತ್ತಿರವೇ ತೆರೆಯಿತು. ನಮ್ಮ ಬಾಯೊಳಗಿನ ಬಿಸಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಅಂದರೆ ಆ ಹೊತ್ತಿಗೆ ನಿಮ್ಮ ಸ್ವಂತ ಬಾಯಿಯ ಶಾಖವೇ ಉರಿ ಅನಿಸಬಹುದು. ಇನ್ನು ಹುಳಿ. ಆಮ್ಲವೂ ಇದೇ ಬಾಗಿಲನ್ನು ಸಡಿಲಿಸುತ್ತದೆ.

ಈಗ ನಮ್ಮ ಕರಾವಳಿಯ ತಟ್ಟೆ ನೋಡಿ. ಬಂಗಡೆ ಸಾರಿಗೆ ಮೆಣಸು, ಮುರುಗಲು ಅಥವಾ ಹುಣಸೆಯ ಹುಳಿ, ಮೇಲಿಂದ ಒಲೆಯಿಂದ ಇಳಿದ ಬಿಸಿ. ಮೂರೂ ಒಂದೇ ಬಾಗಿಲು ತಟ್ಟುತ್ತವೆ. ಘಟ್ಟದ ಮೇಲೆ ಶಿರಸಿಯ ಕಡೆ ಅಪ್ಪೆಹುಳಿಗೆ ಸೂಜಿಮೆಣಸು ಹಾಕಿದರೂ ಅದೇ ಕಥೆ, ಅಲ್ಲಿ ಬಿಸಿಯೊಂದು ಇರುವುದಿಲ್ಲ. ಆರೋಗ್ಯವಾಗಿರುವ ಗಂಟಲು ಇದನ್ನು ಹತ್ತು-ಹದಿನೈದು ನಿಮಿಷದಲ್ಲಿ ಮರೆಯುತ್ತದೆ. ನಮ್ಮ ಕಂಡಕ್ಟರ್ ಊಟ ಮುಗಿಸಿ ಐದು ನಿಮಿಷದೊಳಗೆ, ಬಾಗಿಲು ಇನ್ನೂ ತೆರೆದಿರುವಾಗ, ಆಲ್ಕೋಹಾಲ್ ಸುರಿಯುತ್ತಿದ್ದರು. ಸಾರಿಗೆ ಬೈಗುಳ ಬಿತ್ತು.

ಇದು ನನ್ನ ಊಹೆ ಮಾತ್ರ ಆಗಿದ್ದರೆ ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಸುಳಿವು ಅವರ ಬಾಯಿಂದಲೇ ಬಂತು. ಆಗಸ್ಟ್‌ನಲ್ಲಿ ಗೋಕರ್ಣದ ಹತ್ತಿರ ತಂಗಿಯ ಮನೆಯ ಸಮಾರಂಭಕ್ಕೆ ನಾಲ್ಕು ದಿನ ಹೋಗಿದ್ದರು. ಬಾಟಲಿ ಮನೆಯಲ್ಲೇ ಉಳಿದಿತ್ತು. ನಾಲ್ಕೂ ದಿನ ಮೀನು, ಶೆಟ್ಲಿ, ಖಾರ ಯಾವುದಕ್ಕೂ ಕಡಿಮೆ ಇರಲಿಲ್ಲ. "ಅಲ್ಲಿ ಉರಿ ಅಷ್ಟು ಇರಲಿಲ್ಲ, ಗಾಳಿ ಬದಲಾದದ್ದಕ್ಕೆ ಇರಬೇಕು" ಎಂದರು.

ಹೀಗಾಗಿ ನಾನು ಎರಡನ್ನೂ ಒಟ್ಟಿಗೆ ನಿಲ್ಲಿಸಲಿಲ್ಲ. ಒಟ್ಟಿಗೆ ನಿಲ್ಲಿಸಿದರೆ ಉರಿ ಹೋದರೂ ಕಾರಣ ಗೊತ್ತಾಗುವುದಿಲ್ಲ, ಮನುಷ್ಯ ಸುಮ್ಮನೆ ವರ್ಷಗಟ್ಟಲೆ ಸಪ್ಪೆ ತಿನ್ನುತ್ತಾನೆ. ಮೊದಲ ಹತ್ತು ದಿನ ಬಾಟಲಿ ಮಾತ್ರ ಬಂದ್, ಊಟ ಎಂದಿನಂತೆ. ದಿನಕ್ಕೆ ಮೂರು ಸಲ ಉರಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು ಬರೆಯಬೇಕು. ಅವರು ಹಳೆಯ ಟ್ರಿಪ್ ಶೀಟಿನ ಹಿಂದೆ ಬರೆದು ತಂದರು. ಮಧ್ಯಾಹ್ನದ ಅಂಕ ಏಳರಿಂದ ಮೂರಕ್ಕೆ ಇಳಿದಿತ್ತು. ಮುಂದಿನ ಹತ್ತು ದಿನ ಸಾರು ಸ್ವಲ್ಪ ಆರಿಸಿ ಉಣ್ಣಿ, ಖಾರ ಅರ್ಧ ಮಾಡಿ, ಮೇಲಿಂದ ತೆಂಗಿನ ಹಾಲಿರುವ ಪದಾರ್ಥ ಇರಲಿ ಎಂದೆ. ಮಧ್ಯಾಹ್ನದ ಉರಿ ಒಂದಕ್ಕೆ ಬಂತು. ಆಮೇಲೆ ಖಾರವನ್ನು ನಿಧಾನ ಮೊದಲಿನಷ್ಟಕ್ಕೆ ತಂದೆವು, ಅಂಕ ಏರಲಿಲ್ಲ. ಸಾರು ಆರಿಸುವುದು ಚಿಕ್ಕ ಮಾತು ಅನಿಸಬಹುದು, ಆದರೆ ಅದೇ ಖಾರದ ಅದೇ ಸಾರು ಉಗುರುಬೆಚ್ಚಗಿದ್ದಾಗ ಎಷ್ಟು ಕಡಿಮೆ ಉರಿಯುತ್ತದೆ ಎಂದು ಒಮ್ಮೆ ಪರೀಕ್ಷಿಸಿ ನೋಡಿ. ಉರಿ ಹತ್ತಿದಾಗ ನೀರು ಕುಡಿದು ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಅಥವಾ ಹುಳಿಯಿಲ್ಲದ ಮೊಸರು ಒಂದೆರಡು ಚಮಚ ಬಾಯಲ್ಲಿ ಆಡಿಸಿದರೆ ಸಾಕು.

ಬಾಟಲಿ ಬಿಟ್ಟರೆ ವಾಸನೆಗೆ ಏನು? ಇದು ಅವರ ನಿಜವಾದ ಪ್ರಶ್ನೆಯಾಗಿತ್ತು. ಮೀನಿನ ವಾಸನೆ ಬಹುಪಾಲು ಹಲ್ಲಿನ ಸಂದಿ ಮತ್ತು ನಾಲಿಗೆಯ ಹಿಂಭಾಗದಲ್ಲಿ ಕೂತ ಚೂರುಗಳದ್ದು. ಮೌತ್‌ವಾಶ್ ಅದರ ಮೇಲೆ ಪುದೀನ ಹೊದಿಸುತ್ತದೆ, ತೆಗೆಯುವುದಿಲ್ಲ. ಊಟವಾದ ಮೇಲೆ ಬರೀ ನೀರಿನಲ್ಲಿ ಎರಡು ಸಲ ಜೋರಾಗಿ ಮುಕ್ಕಳಿಸಿ, ರಾತ್ರಿ ಹಲ್ಲಿನ ಸಂದಿಗೆ ದಾರ ಅಥವಾ ಸಂದಿಯ ಸಣ್ಣ ಬ್ರಷ್ ಹಾಕಿ, ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಎರಡು-ಮೂರು ಸಲ ಹಗುರವಾಗಿ ಕೆರೆಯಿರಿ. ರಕ್ತ ಬರುವಷ್ಟು ಉಜ್ಜುವವರನ್ನು ನಾನು ವಾರಕ್ಕೊಬ್ಬರಾದರೂ ನೋಡುತ್ತೇನೆ, ಅವರ ನಾಲಿಗೆಯೂ ಉರಿಯುತ್ತಿರುತ್ತದೆ.

ಉರಿಯುವ ಬಾಯಿಗೆ ಮುಕ್ಕಳಿಸಲು ನಾನು ಕೊಡುವುದು ಉಪ್ಪು ಮತ್ತು ಅಡುಗೆ ಸೋಡಾ. ಕುದಿಸಿ ಆರಿಸಿದ ಒಂದು ದೊಡ್ಡ ಲೋಟ ನೀರಿಗೆ, ಅಂದರೆ ಸುಮಾರು 250 ಮಿಲಿಲೀಟರಿಗೆ, ಕಾಲು ಚಮಚ ಉಪ್ಪು, ಕಾಲು ಚಮಚ ಸೋಡಾ. ಸೋಡಾ ಹುಳಿಯನ್ನು ತಣಿಸುತ್ತದೆ. ಊಟದ ನಂತರ ಮತ್ತು ಮಲಗುವ ಮೊದಲು ಮುಕ್ಕಳಿಸಿ ಉಗುಳಬೇಕು, ನುಂಗಬಾರದು; ರಕ್ತದೊತ್ತಡ ಇರುವವರಂತೂ ಖಂಡಿತ ನುಂಗಬಾರದು. ದಿನದ್ದು ದಿನಕ್ಕೆ ಮಾಡಿಕೊಳ್ಳಿ. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಸೋಡಾ ಬೇರೆ. ಡಬ್ಬಿಯ ಹೆಸರು ಓದಿ. ಹೆಚ್ಚು ಉಪ್ಪು ಹಾಕಿದರೆ ಬೇಗ ವಾಸಿ ಎಂದು ಒಬ್ಬರು ಸಮುದ್ರದ ನೀರಿನಷ್ಟು ಉಪ್ಪು ಮಾಡಿಕೊಂಡು ಬಂದಿದ್ದರು, ಅದೂ ಉರಿಸುತ್ತದೆ.

ಅಂಗಡಿಯದ್ದೇ ಬೇಕೆಂದರೆ ಬಾಟಲಿಯ ಹಿಂದೆ ಓದಿ. ಆಲ್ಕೋಹಾಲ್ ಅಥವಾ ಎಥನಾಲ್ ಎಂದಿದ್ದರೆ ಬೇಡ. ಕೆಲವು ಹಳೆಯ ಬಗೆಯ ಮೌತ್‌ವಾಶ್‌ಗಳಲ್ಲಿ ಅದು ಶೇ. 20ಕ್ಕೂ ಹೆಚ್ಚು, ಬಿಯರಿಗಿಂತ ಎಷ್ಟೋ ಪಟ್ಟು. ಆಲ್ಕೋಹಾಲ್ ಇಲ್ಲದ್ದೆಂದ ಮಾತ್ರಕ್ಕೆ ಸೌಮ್ಯ ಎಂದೂ ಅಲ್ಲ. ಗಾಢವಾದ ಮೆಂಥಾಲ್, ದಾಲ್ಚಿನ್ನಿ ಎಣ್ಣೆ ಇದ್ದರೆ ಕೆಲವರ ಬಾಯಿ ಅದಕ್ಕೇ ಮುನಿಯುತ್ತದೆ. ಹುಳುಕು ಹಲ್ಲು ಜಾಸ್ತಿ ಇರುವವರಿಗೆ ಆಲ್ಕೋಹಾಲ್ ಇಲ್ಲದ, ಮಂದ ರುಚಿಯ ಫ್ಲೋರೈಡ್ ದ್ರಾವಣ ಉಪಯುಕ್ತ. ಕ್ಲೋರ್‌ಹೆಕ್ಸಿಡಿನ್ ಒಸಡಿನ ಚಿಕಿತ್ಸೆಗೆ ದಂತವೈದ್ಯರು ಹೇಳಿದಷ್ಟು ದಿನ ಮಾತ್ರ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಪೇಸ್ಟಿನಲ್ಲಿ ನೊರೆಗೆ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಕೂಡ ಕೆಲವರಿಗೆ ಆಗುವುದಿಲ್ಲ. ಅದಿಲ್ಲದ ಫ್ಲೋರೈಡ್ ಪೇಸ್ಟನ್ನು ಒಂದು ತಿಂಗಳು ನೋಡಬಹುದು.

ಕಂಡಕ್ಟರ ಬೆಳಗಿನ ಉರಿ ಮಾತ್ರ ಪೂರ್ತಿ ಹೋಗಲಿಲ್ಲ. ಕೊನೆಯ ಬಸ್ಸು ಬಿಟ್ಟು ಹತ್ತೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ. ಹೊಟ್ಟೆಯ ಆಮ್ಲ ಮೇಲೆ ಬರುವುದಕ್ಕೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಆ ಪಾಳಿಯ ದಿನ ಸಂಜೆ ಡಿಪೋದಲ್ಲೇ ಊಟ ಮುಗಿಸಿ, ಮನೆಗೆ ಬಂದು ಗಂಜಿ ಮಾತ್ರ, ಮಂಚದ ತಲೆಭಾಗದ ಕಾಲಿಗೆ ಒಂದೊಂದು ಇಟ್ಟಿಗೆ ಎಂದು ಒಪ್ಪಂದವಾಯಿತು.

ಇವರನ್ನು ಪರೀಕ್ಷಿಸುವಾಗ ಮೊದಲ ದಿನವೇ ನಾನು ಮೂರು ಬೆರಳು ನೆಟ್ಟಗೆ ಬಾಯಲ್ಲಿ ಹಿಡಿಸಿ ನೋಡಿದ್ದೆ. ಅದಕ್ಕೆ ಕಾರಣ ನಮ್ಮ ಜಿಲ್ಲೆ ಅಡಿಕೆಯ ಜಿಲ್ಲೆ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗುವ ಒಂದು ರೋಗವಿದೆ, ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅದು ಕ್ಯಾನ್ಸರಿಗೆ ತಿರುಗಬಹುದು. ಅದರ ಮೊದಲ ಲಕ್ಷಣವೂ ಖಾರ ತಿಂದರೆ ಉರಿಯುವುದೇ. ಅಂಥವರಿಗೆ ಮೌತ್‌ವಾಶ್ ಬದಲಿಸಿ ಕಾಯಲು ಹೇಳಿದರೆ ಅನ್ಯಾಯ. ನಿಮ್ಮದೇ ಮೂರು ಬೆರಳು, ಒಂದರ ಮೇಲೊಂದು, ಹಲ್ಲುಗಳ ನಡುವೆ ಹಿಡಿಸದಿದ್ದರೆ, ಕೆನ್ನೆ ಬೆಳ್ಳಗೆ ಬಿಗಿದಂತಿದ್ದರೆ ಅದೇ ವಾರ ತೋರಿಸಿ. ಮೂರು ವಾರ ದಾಟಿದ ಹುಣ್ಣು ಅಥವಾ ಧ್ವನಿ ಬದಲಾವಣೆ, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ನುಂಗಲು ಕಷ್ಟ, ಕುತ್ತಿಗೆಯ ಗಂಟು, ಒಂದೇ ಬದಿಯ ಕಿವಿ ನೋವು ಇದ್ದರೂ ಹಾಗೆಯೇ.

ಡಿಸೆಂಬರಿನಲ್ಲಿ ಅವರು ಹೆಂಡತಿಯ ಕಿವಿ ತೋರಿಸಲು ಬಂದಿದ್ದರು. ಚೀಲದಲ್ಲಿ ಅದೇ ನೀಲಿ ಬಾಟಲಿ ಕಂಡಿತು, ನಾನು ಹುಬ್ಬೇರಿಸಿದೆ. "ಇಲ್ಲ ಡಾಕ್ಟ್ರೇ, ಒಳಗೆ ಸೋಡಾ ನೀರು" ಎಂದರು. ಹೆಂಡತಿ ಪಕ್ಕದಿಂದ, "ಸಾರು ಆರುವವರೆಗೆ ಕಾಯುವುದೊಂದೇ ಇನ್ನೂ ಕಲಿತಿಲ್ಲ" ಎಂದರು.