ನಾಲ್ಕು ಬಾಹು ಗೊತ್ತಿದ್ದರೆ ಸಾಕೇ? ಅದರಲ್ಲೊಂದು ಸೊನ್ನೆಯಾದರೆ?

ಪ್ರಶ್ನೆ: ಒಂಬತ್ತನೇ ತರಗತಿಯಲ್ಲಿ ತ್ರಿಭುಜದ ಮೂರು ಬಾಹುಗಳಿಂದ ವಿಸ್ತೀರ್ಣ ಕಂಡುಹಿಡಿಯುವ ಹೆರಾನನ ಸೂತ್ರ ಕಲಿತಿದ್ದೇವೆ. ಚತುರ್ಭುಜಕ್ಕೂ ಅಂಥದ್ದೇ ಸೂತ್ರವಿದೆ, ಅದರಲ್ಲಿ ಒಂದು ಬಾಹುವನ್ನು ಸೊನ್ನೆ ಮಾಡಿದರೆ ಹೆರಾನನ ಸೂತ್ರವೇ ಬರುತ್ತದೆ ಎನ್ನುತ್ತಾರೆ. ಒಂದು ಬಾಹುವನ್ನು ಹೀಗೆ ಅಳಿಸಿಹಾಕುವುದು ನ್ಯಾಯವೇ? ನಾಲ್ಕು ಬಾಹು ಅಳೆದರೆ ಯಾವ ನಿವೇಶನದ ವಿಸ್ತೀರ್ಣವೂ ಸಿಕ್ಕಿಬಿಡುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಜನ ತಪ್ಪುವುದು ಅಲ್ಲೇ. ಐದೈದು ಅಡಿಯ ನಾಲ್ಕು ಬಿದಿರುಕಡ್ಡಿಗಳನ್ನು ಮೂಲೆಗಳಲ್ಲಿ ದಾರದಿಂದ ಕಟ್ಟಿ. ನೆಟ್ಟಗೆ ಹಿಡಿದರೆ ಅದು ಚೌಕ, ವಿಸ್ತೀರ್ಣ 25 ಚದರಡಿ. ಒಂದು ಮೂಲೆಯನ್ನು ಒತ್ತಿದರೆ ಅದೇ ಚೌಕಟ್ಟು ವಾಲಿ ವಜ್ರಾಕೃತಿಯಾಗುತ್ತದೆ. ಕರ್ಣಗಳು 6 ಮತ್ತು 8 ಅಡಿ ಆದಾಗ ವಿಸ್ತೀರ್ಣ 24ಕ್ಕೆ ಇಳಿದಿರುತ್ತದೆ. ಇನ್ನೂ ಒತ್ತುತ್ತಾ ಹೋದರೆ ಸೊನ್ನೆಯ ಹತ್ತಿರಕ್ಕೂ ಹೋಗುತ್ತದೆ. ಬಾಹುಗಳು ಮಾತ್ರ ಎಳ್ಳಷ್ಟೂ ಬದಲಾಗಿಲ್ಲ. ಮೂರು ಕಡ್ಡಿಯ ತ್ರಿಭುಜ ಹೀಗೆ ಅಲುಗಾಡುವುದಿಲ್ಲ, ನಾಲ್ಕು ಕಡ್ಡಿಯದು ಅಲುಗಾಡುತ್ತದೆ. ಆದ್ದರಿಂದ ಚತುರ್ಭುಜಕ್ಕೆ ಐದನೆಯದೊಂದು ಮಾಹಿತಿ ಬೇಕೇ ಬೇಕು. ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲಿವೆ ಎಂದು ಹೇಳಿದರೆ, ಅಂದರೆ ಆಕೃತಿ ಚಕ್ರೀಯ ಚತುರ್ಭುಜ ಎಂದರೆ, ಆ ಐದನೆಯ ಮಾಹಿತಿ ಸಿಕ್ಕಂತಾಯಿತು.

ಆಗ ಸೂತ್ರ ಇದು. ಬಾಹುಗಳು a, b, c, d, ಸುತ್ತಳತೆಯ ಅರ್ಧ s ಆದರೆ,

K = √[(s−a)(s−b)(s−c)(s−d)]

ಇದನ್ನು ಕೊಟ್ಟವನು ಬ್ರಹ್ಮಗುಪ್ತ, 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದ ಗಣಿತಾಧ್ಯಾಯದಲ್ಲಿ. ಒಂದೇ ಶ್ಲೋಕದಲ್ಲಿ ಅವನು ಎರಡು ಲೆಕ್ಕ ಹೇಳುತ್ತಾನೆ. ಎದುರುಬದುರು ಬಾಹುಗಳ ಮೊತ್ತದ ಅರ್ಧಗಳನ್ನು ಗುಣಿಸಿದರೆ ಬರುವುದು ‘ಸ್ಥೂಲಫಲ’, ಮೇಲಿನ ವರ್ಗಮೂಲ ‘ಸೂಕ್ಷ್ಮ’. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೂ ಈ ಸೂಕ್ಷ್ಮಸೂತ್ರವಿದೆ. ಬ್ರಹ್ಮಗುಪ್ತನ ಶ್ಲೋಕದಲ್ಲಿ ವೃತ್ತದ ಷರತ್ತನ್ನು ಬಾಯಿಬಿಟ್ಟು ಹೇಳಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಇದನ್ನೇ ಎತ್ತಿಕೊಂಡು, ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ನಿಯತ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಎಂದು ಗದರಿದ್ದಾನೆ. ನಮ್ಮ ಬಿದಿರು ಚೌಕಟ್ಟನ್ನು ನೋಡಿದವರು ಆ ಸಿಟ್ಟನ್ನು ಒಪ್ಪಲೇಬೇಕು.

ಲೀಲಾವತಿಯಲ್ಲೇ ಬರುವ ಒಂದು ಹಳೆಯ ಉದಾಹರಣೆ ತೆಗೆದುಕೊಳ್ಳೋಣ. ಮೇಲಿನ ಬಾಹು 25, ತಳ 60, ಪಕ್ಕದವು 39 ಮತ್ತು 52. ಸುತ್ತಳತೆ 176, s = 88. ಬಾಹುಗಳನ್ನು ಒಂದೊಂದಾಗಿ ಕಳೆದರೆ 63, 28, 49, 36. ಈಗ 63 × 28 = 1764, 49 × 36 ಕೂಡ 1764. ಹಾಗಾಗಿ ವರ್ಗಮೂಲ ತೆಗೆಯುವ ಶ್ರಮವೇ ಇಲ್ಲ, ವಿಸ್ತೀರ್ಣ 1764. ಸ್ಥೂಲಫಲ ಹಾಕಿದ್ದರೆ 42.5 × 45.5 = 1933.75 ಬರುತ್ತಿತ್ತು. ಆಯತವಲ್ಲದ ಯಾವ ಚತುರ್ಭುಜಕ್ಕೂ ಸರಾಸರಿಗಳ ಗುಣಾಕಾರ ನಿಜವಾದದ್ದಕ್ಕಿಂತ ಹೆಚ್ಚೇ ತೋರಿಸುತ್ತದೆ.

1764 ಸರಿಯೆಂದು ನಂಬುವುದು ಹೇಗೆ? ವೃತ್ತದೊಳಗೆ ಬಾಹುಗಳ ಕ್ರಮ ಬದಲಿಸಿದರೂ ವಿಸ್ತೀರ್ಣ ಬದಲಾಗುವುದಿಲ್ಲ. ಕೇಂದ್ರದಿಂದ ಕತ್ತರಿಸಿದ ತುಂಡುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದಂತೆ, ಅಷ್ಟೇ. ಹಾಗಾದರೆ 25 ಮತ್ತು 60ನ್ನು ಅಕ್ಕಪಕ್ಕ ಇಡಿ, 39 ಮತ್ತು 52ನ್ನು ಅಕ್ಕಪಕ್ಕ ಇಡಿ. 25² + 60² = 4225 = 65², 39² + 52² ಕೂಡ 4225. ಎರಡೂ ಜೋಡಿಗಳು 65 ಉದ್ದದ ಒಂದೇ ವ್ಯಾಸದ ಮೇಲೆ ನಿಂತ ಲಂಬಕೋನ ತ್ರಿಭುಜಗಳು. ಅವುಗಳ ವಿಸ್ತೀರ್ಣ 750 ಮತ್ತು 1014, ಕೂಡಿದರೆ 1764.

ಇನ್ನು ಸೂತ್ರ ಎಲ್ಲಿಂದ ಬಂತು ನೋಡೋಣ. ABCD ಚಕ್ರೀಯ ಚತುರ್ಭುಜ, AB = a, BC = b, CD = c, DA = d. ಕರ್ಣ AC ಎಳೆದರೆ ಎರಡು ತ್ರಿಭುಜ. ಚಕ್ರೀಯವಾದ್ದರಿಂದ B ಮತ್ತು D ಕೋನಗಳ ಮೊತ್ತ 180°. ಅಂದರೆ ಎರಡರ sin ಒಂದೇ, cos ಚಿಹ್ನೆಯಲ್ಲಿ ಮಾತ್ರ ಬೇರೆ. AC²ನ್ನು ಎರಡೂ ಕಡೆಯಿಂದ ಬರೆದು ಸಮ ಮಾಡಿದರೆ ಮೊದಲನೆಯದು, ಎರಡು ತ್ರಿಭುಜಗಳ ವಿಸ್ತೀರ್ಣ ಕೂಡಿದರೆ ಎರಡನೆಯದು:

2(ab + cd) cos B = a² + b² − c² − d²
2(ab + cd) sin B = 4K

ಎರಡನ್ನೂ ವರ್ಗ ಮಾಡಿ ಕೂಡಿ. sin² ಮತ್ತು cos² ಸೇರಿ 1 ಆಗಿ ಕೋನ ಮಾಯವಾಗುತ್ತದೆ:

16K² = 4(ab + cd)² − (a² + b² − c² − d²)²
16K² = [(a+b)² − (c−d)²] [(c+d)² − (a−b)²]

ಪ್ರತಿ ಆವರಣವೂ ವರ್ಗಗಳ ವ್ಯತ್ಯಾಸ, ಆದ್ದರಿಂದ ಎರಡೆರಡಾಗಿ ಒಡೆದು ನಾಲ್ಕು ಅಪವರ್ತನಗಳಾಗುತ್ತವೆ. ಅವುಗಳಲ್ಲೊಂದು a+b+c−d, ಅದು 2(s−d). ಉಳಿದವೂ ಹಾಗೆಯೇ. 16ನ್ನು ಭಾಗಿಸಿದರೆ ಬ್ರಹ್ಮಗುಪ್ತನ ಸೂತ್ರ ಕೈಯಲ್ಲಿರುತ್ತದೆ.

ಈಗ ಸೊನ್ನೆಯ ವಿಷಯ. d = 0 ಎಂದರೆ ಬಾಹುವನ್ನು ಅಳಿಸುವುದಲ್ಲ, D ಬಿಂದುವನ್ನು ವೃತ್ತದ ಮೇಲೇ ಜಾರಿಸುತ್ತಾ A ಹತ್ತಿರ ತರುವುದು. D ಬಂದು Aಯಲ್ಲಿ ಕೂತಾಗ CD ಹೋಗಿ CA ಆಗುತ್ತದೆ, ಉಳಿಯುವುದು ABC ತ್ರಿಭುಜ. ನಾಲ್ಕನೆಯ ಅಪವರ್ತನ s−0 ಆಗಿ,

K = √[s(s−a)(s−b)(s−c)]

ಜಾರಿಕೆಯನ್ನು ಅಂಕಿಯಲ್ಲೂ ನೋಡಬಹುದು. a, b, c ಕ್ರಮವಾಗಿ 13, 14, 15 ಇರಲಿ. d = 1 ಆದಾಗ ವಿಸ್ತೀರ್ಣ ಸುಮಾರು 92.17. d = 0.1 ಆದಾಗ 84.81. d = 0 ಆದಾಗ √(21 × 8 × 7 × 6) = 84, ಪಠ್ಯಪುಸ್ತಕದ ಪರಿಚಿತ ತ್ರಿಭುಜ. ಎಲ್ಲೂ ನೆಗೆತವಿಲ್ಲ.

ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. D ಇಲ್ಲವಾದ ಮೇಲೆ ‘B ಮತ್ತು D ಸೇರಿ 180°’ ಎಂಬ ಷರತ್ತು ಏನಾಯಿತು? D ಹತ್ತಿರ ಬಂದಂತೆ DA ರೇಖೆ A ಬಿಂದುವಿನ ಸ್ಪರ್ಶಕವಾಗುತ್ತಾ ಹೋಗುತ್ತದೆ. ಸ್ಪರ್ಶಕಕ್ಕೂ ಜ್ಯಾ ACಗೂ ನಡುವಿನ ಕೋನ ಒಂದು ಬದಿಯಲ್ಲಿ Bಗೆ ಸಮ, ಇನ್ನೊಂದು ಬದಿಯಲ್ಲಿ 180° − B. ಅಂದರೆ ಷರತ್ತು ಅಳಿದಿಲ್ಲ, ಸ್ಪರ್ಶಕ-ಜ್ಯಾ ಪ್ರಮೇಯವಾಗಿ ಉಳಿದುಕೊಂಡಿದೆ. ಪ್ರತಿ ತ್ರಿಭುಜಕ್ಕೂ ಪರಿವೃತ್ತ ಇದ್ದೇ ಇರುವುದರಿಂದ ಹೆರಾನನ ಸೂತ್ರಕ್ಕೆ ಬೇರೆ ಷರತ್ತು ಬೇಡ. ಬ್ರಹ್ಮಗುಪ್ತನ ಶ್ಲೋಕವೂ ‘ತ್ರಿಚತುರ್ಭುಜ’ ಎಂದು ಎರಡನ್ನೂ ಒಟ್ಟಿಗೇ ಹೇಳುತ್ತದೆ.

ಚಕ್ರೀಯವಲ್ಲದ ಚತುರ್ಭುಜದಲ್ಲಿ ವರ್ಗಮೂಲದೊಳಗಿಂದ ಇನ್ನೊಂದು ಪದ ಕಳೆಯಬೇಕು: abcd cos²θ. ಇಲ್ಲಿ θ ಅಭಿಮುಖ ಕೋನಗಳ ಮೊತ್ತದ ಅರ್ಧ. ಮೊತ್ತ 180° ಆದರೆ θ 90° ಆಗಿ ಪದ ಸೊನ್ನೆ, d = 0 ಆದರೂ ಸೊನ್ನೆ. ಉಳಿದೆಲ್ಲ ಕಡೆ ಅದು ಕಳೆಯುತ್ತದೆ, ಹಾಗಾಗಿ ಸೂತ್ರ ಕೊಡುವುದು ಆ ನಾಲ್ಕು ಬಾಹುಗಳಿಂದ ಸಿಗಬಹುದಾದ ಗರಿಷ್ಠ ವಿಸ್ತೀರ್ಣ.

ನಿವೇಶನ ಅಳೆಯುವಾಗ ಒಂದು ಕರ್ಣವನ್ನೂ ಟೇಪು ಹಿಡಿದು ಅಳೆಯಿರಿ. ಎರಡೂ ಕರ್ಣ ಸಿಕ್ಕರೆ ಅವುಗಳ ಗುಣಲಬ್ಧ ac + bdಗೆ ಸಮವೇ ನೋಡಿ, ಸಮವಾದರೆ ಮಾತ್ರ ಚಕ್ರೀಯ. ನಮ್ಮ ಉದಾಹರಣೆಯ ಕರ್ಣಗಳು 56 ಮತ್ತು 63, ಗುಣಲಬ್ಧ 3528. 25 × 60 + 39 × 52 ಕೂಡ 3528. ಸಮವಾಗದಿದ್ದರೆ ಕರ್ಣದ ಎರಡೂ ಬದಿಯ ತ್ರಿಭುಜಗಳಿಗೆ ಹೆರಾನನ ಸೂತ್ರ ಹಾಕಿ. ವಾಲಿದ ಬಿದಿರು ಚೌಕಟ್ಟಿನಲ್ಲಿ ಆ ತ್ರಿಭುಜ 5, 5, 6. ಅರ್ಧಸುತ್ತಳತೆ 8, √(8 × 3 × 3 × 2) = 12, ಎರಡು ಸೇರಿ 24.